ಮಾರಿ ಸಾಫ್ ಕಾಣಬೇಕು

ಬಸವಕಲ್ಯಾಣದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಯಜಮಾನರು ಮದುವೆ, ಕುಬಸ, ತೊಟ್ಟಿಲು ಅಂತ ಕ್ಯಾಮೆರಾ ಹೊತ್ತು ಊರೂರು ತಿರುಗುತ್ತಾರೆ. ಅಂಗಡಿ, ಕಂಪ್ಯೂಟರ್, ಪ್ರಿಂಟರ್ ನನ್ನ ಪಾಲು. ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ಪ್ರಿಂಟರಿನಿಂದ ಒಂದು ಹಾಳೆ ತೆಗೆದು ಬಣ್ಣ ಸರಿ ಬರುತ್ತಿದೆಯೋ ಇಲ್ಲವೋ ನೋಡಿದ ಮೇಲೆಯೇ ನನಗೆ ಚಹಾ. ಕೆಂಪು ಸ್ವಲ್ಪ ಕಡಿಮೆಯಾದರೂ ಜನರ ಮುಖ ಕಾಮಾಲೆ ಬಂದವರ ಹಾಗೆ ಕಾಣುತ್ತದೆ, ಅದಕ್ಕೇ.

ಫೋಟೋದಲ್ಲಿ ಬಟ್ಟೆ ಬದಲಿಸುವುದು ನಮ್ಮ ದಂಧೆಯಲ್ಲಿ ಹೊಸದಲ್ಲ. ಹೆಣ್ಣು ನೋಡಲು ಹೋಗುವ ಹುಡುಗನಿಗೆ ಕೋಟು, ತೀರಿಹೋದ ಅಜ್ಜಿಗೆ ಜರಿ ಅಂಚಿನ ಸೀರೆ, ಶಾಲೆಯ ಫೋಟೋಗೆ ಇಸ್ತ್ರಿ ಮಾಡಿದ ಅಂಗಿ. ಮೊದಲು ತಲೆಯನ್ನು ಕತ್ತರಿಸಿ ಸಿದ್ಧವಿರುವ ಕೋಟಿನ ಮೇಲೆ ಕೂರಿಸುತ್ತಿದ್ದೆವು. ಕುತ್ತಿಗೆ ಒಮ್ಮೊಮ್ಮೆ ಸೊಟ್ಟಗೆ ಕಾಣುತ್ತಿತ್ತು, ಕೋಟು ಒಬ್ಬರದು ತಲೆ ಒಬ್ಬರದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆದರೆ ತಲೆಗೆ ಏನೂ ಆಗುತ್ತಿರಲಿಲ್ಲ. ಈಗ ಎಐ ಬಂದಿದೆ. ಅಂಗಡಿಗೆ ಬರಬೇಕಂತಲೇ ಇಲ್ಲ, ಯಾರು ಬೇಕಾದರೂ ಕೈಯಲ್ಲಿನ ಫೋನಿಗೆ ಹೇಳಿ ಮಾಡಿಸಿಕೊಳ್ಳುತ್ತಾರೆ. ಕುತ್ತಿಗೆ ಸೊಟ್ಟಗಾಗುವುದಿಲ್ಲ, ಕೋಟು ಮೈಗೆ ಹೊಲಿದ ಹಾಗೆ ಕೂರುತ್ತದೆ. ಎಡವಟ್ಟಾಗುವುದು ಮುಖದಲ್ಲಿ.

ಆ ದಿನ ನಾನಿನ್ನೂ ಚಹಾ ಮುಗಿಸಿರಲಿಲ್ಲ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಬಂದು ಮೆಟ್ಟಿಲ ಮೇಲೆ ನಿಂತ. ಕೊಹಿನೂರು ಅನ್ನುವ ಹಳ್ಳಿಯವನು. ಹುಮನಾಬಾದಿನ ಔಷಧ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ಕಣ್ಣು ಕೆಂಪಗಾಗಿದ್ದವು.

"ಅಕ್ಕಾರ, ಅರ್ಜೆಂಟ್ ಅದರಿ. ನಮ್ಮವ್ವ ಕಳದಾಳ್ರಿ. ಗ್ವಾಡಿಗಿ ಪೇಪರ್ ಹಚ್ಚಬೇಕಾಗ್ಯದ."

ಕೂರಿಸಿ ನೀರು ಕೊಟ್ಟೆ. ಅವನು ಹೇಳಿದ್ದು ಇಷ್ಟು. ತಾಯಿಗೆ ಕೆಲವು ವರ್ಷಗಳಿಂದ ಮರೆವು. ಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕುವುದು, ಮಗನನ್ನೇ ಹಿಡಿದು ನೀ ಯಾರ ಮಗ ಅಂತ ಕೇಳುವುದು. ಹಿಂದಿನ ದಿನ ಮುಂಜಾನೆ ತವರಿಗೆ ಹೋಗುತ್ತೇನೆ ಅಂತ ಗಂಟು ಕಟ್ಟಿದ್ದಳು. ತವರಿನಲ್ಲಿ ಈಗ ಯಾರೂ ಇಲ್ಲ. ದಿನಾ ಹೀಗೇ ಅನ್ನುತ್ತಾಳೆ ಅಂತ ಸೊಸೆ ನೀರಿಗೆ ಹೋದಳು. ವಾಪಸು ಬರುವಷ್ಟರಲ್ಲಿ ಮುದುಕಿ ಇಲ್ಲ. ಹೆದ್ದಾರಿಯ ಕಡೆ ಹೋಗುವ ಗಾಡಿ ಹತ್ತಿದ್ದನ್ನು ಯಾರೋ ಕಂಡಿದ್ದರು.

ಫೋನು ತೆಗೆದು ಫೋಟೋ ತೋರಿಸಿದ. ಹಸಿರು ಚೌಕಳಿ ಸೀರೆ, ಅದರ ಮೇಲೆ ತೋಳುದ್ದದ ನೀಲಿ ಅಂಗಿ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ಅಂಗಿ ತೊಡುತ್ತಾರೆ, ಕೈಗೆ ಬಿಸಿಲು ಮುಳ್ಳು ತಾಕದಿರಲಿ ಅಂತ. ಈ ತಾಯಿ ಹೊಲಕ್ಕೆ ಹೋಗುವುದು ಬಿಟ್ಟ ಮೇಲೂ ಅಂಗಿ ಬಿಟ್ಟಿರಲಿಲ್ಲವಂತೆ.

"ಅಂಗಿ ನಂದೇ ರಿ, ಕಂಪನಿದು," ಅಂದ. "ನಮ್ ಕಡೆ ಇದ್ದದ್ದು ತಂಗಿ ಲಗ್ನದ ಫೋಟೋ ಒಂದೇ. ರೇಶ್ಮಿ ಸೀರಿ ಉಟ್ಟು, ತಲಿಗಿ ಹೂ ಮುಡದು ಕುಂತಾಳ. ಆ ಫೋಟೋ ಹಚ್ಚಿದ್ರ ಯಾರು ಗುರ್ತು ಹಿಡೀತಾರ? ಮಂದಿ ಮೊದಲ ನೋಡೋದು ಬಟ್ಟಿ. ಅದಕ್ಕ ಮನಿ ಬಿಟ್ಟಾಗ ಏನು ಉಟ್ಟಿದ್ಲೋ ಅದನ್ನೇ ಫೋನ್‌ನಾಗ ಹಾಕ್ಸೀನಿ. ನೋಡ್ರಿ, ಅಂಗಿ ಗುಂಡಿ ಸುದ್ದಾ ಬಿಳೀವ ಅವ."

ಬೆರಳಿನಿಂದ ಗುಂಡಿಯನ್ನು ಹಿಗ್ಗಿಸಿ ತೋರಿಸಿದ. ಸೀರೆಯ ಚೌಕಳಿ ತೋರಿಸಿದ. ಮಾತು ಸರಿಯಾಗಿತ್ತು, ಬಟ್ಟೆ ಜನರ ಕಣ್ಣಿಗೆ ಮೊದಲು ಬೀಳುತ್ತದೆ. ನಾನು ಎಲ್ಲರಿಗೂ ಕೇಳುವ ಹಾಗೆ, "ಫೋಟೋ ಸರಿ ಅದಲ್ಲಪ್ಪಾ? ಇವರೇನು ನಿಮ್ಮವ್ವ?" ಅಂತ ಕೇಳಿದೆ. "ಹೌದ್ರಿ," ಅಂದ. ಹಾಳೆಗಳು ಬಿಸಿಯಾಗಿ ಹೊರಗೆ ಬಂದವು. ಮೇಲೆ ಕಾಣೆಯಾಗಿದ್ದಾರೆ ಅಂತ ಕನ್ನಡದಲ್ಲಿ, ಕೆಳಗೆ ಉರ್ದು, ಮರಾಠಿ. ಫೋಟೋವನ್ನು ವಾಟ್ಸಾಪಿನಲ್ಲೂ ಬಿಟ್ಟಿದ್ದೇನೆ ಅಂದ. ಅಂಟಿನ ಡಬ್ಬಿ ಹಿಡಿದು ಹೊರಟ. ಬಸ್ ಸ್ಟ್ಯಾಂಡು, ಮಾರ್ಕೆಟ್ಟು ಮುಗಿಸಿ, ಸಂಜೆಯೊಳಗೆ ಹುಮನಾಬಾದಿನಲ್ಲೂ ಹಚ್ಚಿ ಬಂದನಂತೆ.

ಮರುದಿನ ಮಧ್ಯಾಹ್ನ ಅವನ ತಂಗಿ ಬಂದಳು. ಉಮರ್ಗಾ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣು. ಸುದ್ದಿ ಕೇಳಿ ಬಸ್ ಹತ್ತಿ ಬಂದವಳು ಇಲ್ಲಿನ ಸ್ಟ್ಯಾಂಡಿನಲ್ಲಿ ಇಳಿದು, ಗೋಡೆಯ ಮೇಲಿನ ಹಾಳೆ ನೋಡಿ, ಅದನ್ನು ಕಿತ್ತುಕೊಂಡೇ ಅಂಗಡಿಗೆ ಬಂದಿದ್ದಳು. ಕೈಗೆ ಅಂಟು ಮೆತ್ತಿತ್ತು.

"ಇದನ್ನ ಇಲ್ಲೇ ಮಾಡಿಸ್ಯಾರಂತ. ಈ ಬಾಯಿ ಯಾರ್ರಿ, ಈ ಹೆಂಗಸು?"

"ಯಾವ ಬಾಯಿ?"

"ಈ ಪೇಪರ್‌ನಾಗಿನ ಬಾಯಿ. ಹೆಸರು ನಮ್ಮವ್ವಂದು ಅದ, ಊರು ನಮ್ಮದು ಅದ. ಮಾರಿ ಯಾರ್ದು?"

ಹಿಂದೆಯೇ ಅಣ್ಣನೂ ಓಡಿ ಬಂದ. "ಬಸ್‌ನಾಗ ಬಂದು ದಣದೀ, ಮೊದಲ ಕೂಡು," ಅಂದ. ಅವಳು ಕೂರಲಿಲ್ಲ.

"ನೀ ಹೆತ್ತವ್ವನ್ನ ನೋಡೀ ಇಲ್ಲೋ? ಹಣಿಮ್ಯಾಗಿನ ಹಚ್ಚಿ ಎಲ್ಲದ? ಗದ್ದದ ಮ್ಯಾಗಿನ ಮೂರು ಚುಕ್ಕಿ ಎಲ್ಲವ? ಅವ್ವನ ಮೂಗು ಹಿಂಗ ಸೂಜಿಯಂಗ ಅದ ಏನು? ಕರಿ ಎಳ್ಳಿನಂಗ ಅದಾಳ ನಮ್ಮವ್ವ. ಇಕಿನ ನೋಡಿದ್ರ ಸಾವ್ಕಾರ್ತಿ, ಹಾಲು ಕುಡದು ಬೆಳದಾಕಿ!"

"ಅದು ಬಟ್ಟಿ ಅಷ್ಟೇ ಬದಲಿ ಮಾಡೀನಿ ನಾ..."

"ನೋಡು ಅಂದ್ರ ನೋಡು."

ಅವನು ಹಾಳೆಯನ್ನು ಇಸಿದುಕೊಂಡು ಬೆಳಕಿನ ಕಡೆ ತಿರುಗಿಸಿದ. ಬಹಳ ಹೊತ್ತು ನೋಡಿದ. ಒಂದೇ ರಾತ್ರಿಯಲ್ಲಿ ಇಡೀ ತಾಲೂಕಿಗೆ ಹಂಚಿದ ಆ ಮುಖವನ್ನು ಅವನು ಮೊದಲ ಸಲ ನೋಡುತ್ತಿದ್ದಾನೆ ಅಂತ ನನಗನಿಸಿತು. ಹಿಂದಿನ ದಿನವೆಲ್ಲ ಅವನ ಕಣ್ಣು ಇದ್ದದ್ದು ಗುಂಡಿಯ ಮೇಲೆ, ಸೀರೆಯ ಬಣ್ಣದ ಮೇಲೆ. ಮುಖ ಅವ್ವನದೇ ಅಂತ ಮೊದಲೇ ಗೊತ್ತಿದ್ದುದರಿಂದ ಅದನ್ನು ನೋಡುವ ಪ್ರಮೇಯವೇ ಬಂದಿರಲಿಲ್ಲ.

"ಹಚ್ಚಿ ಇಲ್ಲ," ಅಂದ. ಅಷ್ಟೇ.

ಅವನ ಫೋನು ಕೇಳಿ ತೆಗೆದುಕೊಂಡೆ. ಅವನು ಬಾಯಿಂದ ಹೇಳಿದ್ದೆಲ್ಲ ಆ ಆಪ್‌ನಲ್ಲಿ ಅಕ್ಷರವಾಗಿ ಉಳಿದಿತ್ತು. ಮೊದಲನೆಯದು: ಈ ಫೋಟೋದಾಗಿನ ಮುದುಕಿಗಿ ಹಸರ ಚೌಕಳಿ ಸೀರಿ, ಮ್ಯಾಲ ನೀಲಿ ಅಂಗಿ ಹಾಕು, ಮಾರಿ ಸಾಫ್ ಕಾಣಬೇಕು. ಆಮೇಲೆ ಬಂದ ಫೋಟೋಗೆ: ಗುಂಡಿ ಬಿಳಿ ಮಾಡು, ಮಾರಿ ಇನ್ನೂ ಸಾಫ್ ಮಾಡು. ಅದರಿಂದ ಬಂದದ್ದಕ್ಕೆ: ಸೀರಿ ಹಸರು ಸ್ವಲ್ಪ ಗಾಢ ಮಾಡು.

ಸಾಫ್ ಅಂದರೆ ನಮ್ಮಲ್ಲಿ ಎರಡು ಅರ್ಥ. ಫೋಟೋ ಸಾಫ್ ಬಂದಿದೆ ಅಂದರೆ ಮಸುಕಿಲ್ಲದೆ ಸ್ಪಷ್ಟವಾಗಿ ಬಂದಿದೆ ಅಂತ. ಅವನು ಹೇಳಿದ್ದು ಅದನ್ನೇ, ಹಾದಿಹೋಕರಿಗೂ ಮುಖ ಸ್ಪಷ್ಟ ಕಾಣಲಿ ಅಂತ. ಆದರೆ ಪಾತ್ರೆ ಸಾಫ್ ಮಾಡುವುದೂ ಸಾಫೇ, ನೆಲ ಸಾಫ್ ಮಾಡುವುದೂ ಸಾಫೇ. ಯಂತ್ರ ಆ ಸಾಫನ್ನು ಹಿಡಿದುಕೊಂಡಿತು. ಮುಖ ಸಾಫ್ ಮಾಡು ಅಂದದ್ದಕ್ಕೆ ಹಣೆಯ ಹಚ್ಚೆಯನ್ನು ಕಲೆ ಅಂತ ಒರೆಸಿತು. ಸುಕ್ಕು ಒರೆಸಿತು. ಚರ್ಮದ ಬಣ್ಣವನ್ನೂ ತೊಳೆಯಿತು.

ಆ ಒಂದು ಮಾತನ್ನು ಆಡದಿದ್ದರೂ ಮುಖ ಸ್ವಲ್ಪವಾದರೂ ಜಾರುತ್ತಿತ್ತು ಅಂತ ಅಣ್ಣ ತಂಗಿ ಇಬ್ಬರಿಗೂ ಹೇಳಿದೆ. ನಾವು ಅಂದುಕೊಳ್ಳುವ ಹಾಗೆ ಅದು ಒಂದು ಸೀರೆ ಬಿಚ್ಚಿ ಇನ್ನೊಂದನ್ನು ಉಡಿಸುವುದಿಲ್ಲ. ಕೊಟ್ಟ ಫೋಟೋವನ್ನು ನೋಡಿಕೊಂಡು, ನಮ್ಮ ಮಾತನ್ನೂ ಕೇಳಿಕೊಂಡು ಇನ್ನೊಂದು ಚಿತ್ರವನ್ನೇ ಬರೆಯುತ್ತದೆ. ಬರೆಯುವಾಗ ಸೀರೆಯ ಜೊತೆ ಮುಖವೂ ಹೊಸದಾಗಿಯೇ ಬರುತ್ತದೆ. ಮುಖ ದೊಡ್ಡದಾಗಿ ಸ್ಪಷ್ಟವಾಗಿದ್ದರೆ ಹಾಗೇ ಉಳಿಯುವುದು ಹೆಚ್ಚು. ಅವನು ಕೊಟ್ಟಿದ್ದು ವಾಟ್ಸಾಪಿನಲ್ಲಿ ಬಂದ ಗುಂಪಿನ ಫೋಟೋ, ಅದರಲ್ಲಿ ಮುಖ ಕಡಲೆಕಾಳಿನಷ್ಟು. ಕಾಣದೆ ಉಳಿದದ್ದನ್ನು ಯಂತ್ರ ತಾನು ಮೊದಲು ನೋಡಿ ಕಲಿತ ಲಕ್ಷಗಟ್ಟಲೆ ಮುಖಗಳಿಂದ ತುಂಬಿಕೊಳ್ಳುತ್ತದೆ. ಆ ಮುಖಗಳಲ್ಲಿ ಬೆಳ್ಳಗಿನವು, ನುಣ್ಣಗಿನವು ಹೆಚ್ಚು. ಹಣೆಗೆ ಹಚ್ಚೆ ಹಾಕಿಸಿಕೊಂಡ ಕೊಹಿನೂರಿನ ಮುದುಕಿಯರು ಎಷ್ಟಿದ್ದಾರು? ಬಟ್ಟೆಯ ಬಣ್ಣ ಬದಲಾದರೆ ಅದಕ್ಕೆ ಹೊಂದುವ ಹಾಗೆ ಬೆಳಕನ್ನೂ ಬದಲಿಸುತ್ತದೆ, ಬೆಳಕಿನ ಹಿಂದೆ ಮೈಬಣ್ಣವೂ ಹೋಗುತ್ತದೆ. ಸಾಲದ್ದಕ್ಕೆ ಅವನು ಬಂದ ಫೋಟೋವನ್ನೇ ಮತ್ತೆ ಮತ್ತೆ ತಿದ್ದಿಸಿದ್ದ. ಜೆರಾಕ್ಸಿನ ಜೆರಾಕ್ಸು ತೆಗೆದ ಹಾಗೆ, ಪ್ರತಿ ಸಲವೂ ಅವ್ವನಿಂದ ಇನ್ನಷ್ಟು ದೂರ.

"ಅಂದ್ರ ನಿನ್ನಿಯಿಂದ ಮಂದಿ ಹುಡುಕಾಕತ್ತಿದ್ದು ಯಾರ್ನ ರಿ?" ಅಂತ ತಂಗಿ ಕೇಳಿದಳು.

ಅಣ್ಣ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ.

ಅವಳ ಫೋನಿನಲ್ಲಿ ಮದುವೆಯ ಅದೇ ಫೋಟೋ ಇತ್ತು, ಫೋಟೋಗ್ರಾಫರನಿಂದ ವೈರ್ ಹಾಕಿ ತುಂಬಿಸಿಕೊಂಡದ್ದು. ಮಸುಕಾಗದ ದೊಡ್ಡ ಫೈಲು. ಹಿಗ್ಗಿಸಿದರೆ ಹಣೆಯ ನಡುವಿನ ಉದ್ದನೆಯ ಹಚ್ಚೆ, ಅದರ ಎರಡೂ ಬದಿಯ ಚುಕ್ಕಿ, ಅಗಲವಾದ ಮೂಗು, ಒಂದು ಕಡೆ ಸ್ವಲ್ಪ ಮುಚ್ಚಿದ ಎಡಗಣ್ಣು. ಕಂಪ್ಯೂಟರಿಗೆ ಹಾಕಿದ ಕೂಡಲೇ ಅವಳು ಪರದೆಯ ಮೇಲೆ ಕೈಯಿಟ್ಟಳು. ಅಂಟಿನ ಗುರುತು ಗಾಜಿಗೆ ಹತ್ತಿತು. ನಾನು ಒರೆಸಲು ಹೋಗಲಿಲ್ಲ.

"ಇದನ್ನೇ ಹಾಗೇ ಹಚ್ಚಿ, ಏನು ಉಟ್ಟಿದ್ರು ಅಂತ ಬರದ್ರ ಹ್ಯಾಂಗ?" ಅಂದೆ.

"ಬರದ್ರ ಓದೋರು ಯಾರ್ರಿ? ಗಾಡಿ ಹೊಡ್ಯಾವ್ರು, ಹಮಾಲ್ರು, ಕೂಲಿಗಿ ಹೋಗೋ ಹೆಣಮಕ್ಕಳು ಚಿತ್ರಾ ನೋಡ್ತಾರ. ಎರಡೂ ಇರಲಿ."

ಅದು ಸರಿ ಅನಿಸಿತು. ಕೂತೆವು. ಮೊದಲು ಅವಸರದಲ್ಲಿ, ಹೊಲದ ಕೂಲಿ ಮಾಡುವ ಹಳ್ಳಿಯ ಮುದುಕಿ ಉಡುವಂಥ ಹಸಿರು ಸೀರೆ ಅಂತ ಬರೆದೆ. ಬಂದದ್ದು ಇನ್ನೊಬ್ಬಳೇ ಹೆಂಗಸು. ಕೆನ್ನೆ ಗುಳಿ ಬಿದ್ದು, ಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ, ಇಲ್ಲದ ಸುಕ್ಕುಗಳು ಬಂದಿದ್ದವು. ಕೂಲಿ, ಹಳ್ಳಿ, ಮುದುಕಿ ಅನ್ನುವ ಮಾತುಗಳನ್ನು ನಾನು ಸೀರೆಗೆ ಅಂತ ಕೊಟ್ಟಿದ್ದೆ, ಅವು ಮುಖಕ್ಕೆ ಹೋಗಿ ಕೂತವು.

"ಇಕಿ ಯಾರೋ ಉಪಾಸ ಬಿದ್ದಾಕಿ," ಅಂದಳು. "ನಮ್ಮವ್ವ ಮೂರು ರೊಟ್ಟಿ ಉಣ್ಣಾಕಿ ರಿ."

ಮತ್ತೆ ಮೂಲದ ಫೋಟೋದಿಂದಲೇ ಶುರು ಮಾಡಿದೆ. ಈ ಸಲ ಬರೀ ಬಟ್ಟೆ ಹೇಳಿದೆ, ಆದರೆ ಗಂಡಸಿನ ಅಂಗಿ ಅಂತ ಬರೆದಿದ್ದೆ. ದವಡೆ ಅಗಲವಾಗಿ, ಹುಬ್ಬು ದಪ್ಪವಾಗಿ ಬಂತು. ಅವಳು ನೋಡಿ ಒಮ್ಮೆಲೇ ನಕ್ಕುಬಿಟ್ಟಳು.

"ಅಯ್ಯ, ನಮ್ಮ ಸ್ವಾದರಮಾವ ಸೀರಿ ಉಟ್ಟಂಗ ಅದಲ್ಲರಿ! ಏ ಅಣ್ಣಾ, ಬಾ ಇಲ್ಲಿ, ಮಾವನ್ನ ನೋಡು ಬಾ..."

ನಗು ಅರ್ಧಕ್ಕೆ ಅಳುವಾಯಿತು. ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಅಣ್ಣ ಒಳಗೆ ಬರಲಿಲ್ಲ.

ಮೂರನೆಯ ಸಲ ನಿಧಾನ ಮಾಡಿದೆ. ಆಪ್‌ನಲ್ಲಿ ಬೇಕಾದಷ್ಟು ಜಾಗವನ್ನು ಮಾತ್ರ ಬಳಿದು ಗುರುತು ಮಾಡುವ ಅನುಕೂಲ ಇದೆ. ಕುತ್ತಿಗೆಯ ಕೆಳಗೆ ಮಾತ್ರ ಬಳಿದೆ, ಗದ್ದದ ಹತ್ತಿರ ಹೋಗಲಿಲ್ಲ. ಆಮೇಲೆ ಒಂದೊಂದೇ ಮಾತು ಅವಳಿಗೆ ಓದಿ ಹೇಳುತ್ತಾ ಬರೆದೆ. ಗುರುತು ಮಾಡಿದ ಬಟ್ಟೆಯನ್ನು ಮಾತ್ರ ಬದಲಿಸು. ಮುಖ, ಚರ್ಮದ ಬಣ್ಣ, ಹಣೆಯ ನಡುವಿನ ಹಚ್ಚೆ, ಗದ್ದದ ಮೂರು ಚುಕ್ಕಿ, ಅಗಲ ಮೂಗು, ಅರ್ಧ ಮುಚ್ಚಿದ ಎಡಗಣ್ಣು, ಸುಕ್ಕು, ಕೂದಲು, ತಲೆಯ ಓರೆ, ಬೆಳಕು, ಹಿನ್ನೆಲೆ ಎಲ್ಲವೂ ಮೂಲ ಫೋಟೋದಲ್ಲಿ ಇದ್ದಂತೆಯೇ ಇರಲಿ. ಮುಖವನ್ನು ನುಣುಪು ಮಾಡಬೇಡ, ಬೆಳ್ಳಗೆ ಮಾಡಬೇಡ. ಬಟ್ಟೆ: ಹಸಿರು ಹತ್ತಿಯ ಚೌಕಳಿ ಸೀರೆ, ಅದರ ಮೇಲೆ ತೋಳುದ್ದದ ನೀಲಿ ಅಂಗಿ, ಕಾಲರ್, ಬಿಳಿ ಗುಂಡಿ.

ಉಟ್ಟವಳು ಯಾರು, ಎಂಥವಳು ಅಂತ ಒಂದು ಮಾತೂ ಇಲ್ಲ. ಸಾಫ್ ಇಲ್ಲ, ಚಂದ ಇಲ್ಲ.

ಬಂದದ್ದನ್ನು ಮೂಲದ ಪಕ್ಕದಲ್ಲಿಟ್ಟು ಇಬ್ಬರೂ ನೋಡಿದೆವು. ಹಚ್ಚೆ ಇತ್ತು. ಮೂಗು ಇತ್ತು. ಅವಳು ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿ, "ಕಣ್ಣು ಒಂಚೂರು ಬ್ಯಾರೆ ಅದ," ಅಂದಳು. ನಿಜ. ಎಡಗಣ್ಣು ಒಂದಿಷ್ಟು ತೆರೆದಿತ್ತು, ಬಣ್ಣವೂ ಒಂದೆಳೆ ತಿಳಿ. ಎಷ್ಟು ಕಟ್ಟುನಿಟ್ಟಾಗಿ ಬರೆದರೂ ಜಾರುವುದು ಕಡಿಮೆಯಾಗುತ್ತದೆ, ಪೂರಾ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಕೊನೆಗೆ ನಮ್ಮ ಹಳೆಯ ದಾರಿಗೇ ಬಂದೆ. ಮೂಲದ ಫೋಟೋದಿಂದ ಮುಖವನ್ನು ಕತ್ತರಿಸಿ ಹೊಸ ಬಟ್ಟೆಯ ಮೇಲೆ ಕೂರಿಸಿದೆ. ಕುತ್ತಿಗೆಯಲ್ಲಿ ಗೆರೆ ಕಾಣುತ್ತಿತ್ತು.

"ಗೆರಿ ಇರಲಿ ರಿ," ಅಂದಳು. "ಇಕಿ ನಮ್ಮವ್ವ."

ಹಾಳೆಯ ಎಡಗಡೆ ಮದುವೆಯ ಫೋಟೋ ಇದ್ದ ಹಾಗೇ, ಬಲಗಡೆ ಬಟ್ಟೆ ತಿದ್ದಿದ್ದು. ಬಟ್ಟೆ ಮಾತ್ರ ತಿದ್ದಿದೆ ಅಂತ ಕೆಳಗೆ ಬರೆದು ಮುದ್ರಿಸುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಹುಮನಾಬಾದಿಗೆ ನಾಳೆ ಮೊದಲ ಬಸ್ಸಿಗೆ ಹೋಗೋಣ ಅಂತ ಮಾತಾಯಿತು. ಅಣ್ಣ ಇಲ್ಲಿಯ ಠಾಣೆಗೆ ಹೊಸ ಫೋಟೋ ಕೊಟ್ಟು ಹಿಂದಿನಿಂದ ಬರುವುದು. ಅವಳಿಗೆ ಹುಮನಾಬಾದು ಗೊತ್ತಿಲ್ಲದ ಕಾರಣ ಜೊತೆಗೆ ನಾನು.

ಬಸ್ಸಿನಲ್ಲಿ ಅವಳು ಹಾಳೆಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೆದ್ದಾರಿಯ ಉದ್ದಕ್ಕೂ ಹಸಿರು ಸೀರೆ ಕಂಡಲ್ಲೆಲ್ಲ ಅರ್ಧ ಏಳುತ್ತಿದ್ದಳು. ಹುಮನಾಬಾದ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿನ ಕಂಬದ ಮೇಲೆ ಮೊದಲಿನ ಹಾಳೆ ಇತ್ತು, ಬೆಳ್ಳಗಿನ ಆ ಹೆಂಗಸು ನೀಲಿ ಅಂಗಿ ತೊಟ್ಟು ನಮ್ಮನ್ನೇ ನೋಡುತ್ತಿದ್ದಳು. ಅದರ ಪಕ್ಕ ನಾವು ಹೊಸದನ್ನು ಹಚ್ಚುತ್ತಿದ್ದಾಗ, ಕಂಬದ ಬುಡದಲ್ಲೇ ಚಹಾದ ಗಾಡಿ ಇಟ್ಟುಕೊಂಡ ವಯಸ್ಸಾದ ಒಬ್ಬ ಮುಸಲ್ಮಾನ ಹೆಂಗಸು ಎದ್ದು ಬಂದಳು. ಕೈಯಲ್ಲಿ ಸೋಸುವ ಬಟ್ಟೆ ಹಾಗೇ ಇತ್ತು.

"ಅರೇ ಬೇಟಿ, ಇಕಿ! ಇಕಿ ನಿನ್ನಿ ಮುಂಜಾನಿ ಇಲ್ಲೇ ಕುಂತಿದ್ಲು!"

"ಎಲ್ಲಿ ಖಾಲಾ? ಎಲ್ಲಿ ಕುಂತಿದ್ಲು?"

"ಇಲ್ಲೇ, ಈ ಕಲ್ಲಿನ ಮ್ಯಾಲ. ಚಹಾ ಕೊಟ್ಟೆ, ಕುಡದ್ಲು. ತವರಮನಿ ಬಸ್ ಯಾವಾಗ ಬರ್ತದ ಅಂತ ಕೇಳಾಕತ್ತಿದ್ಲು. ಯಾವ ಊರು ಅಂದ್ರ ಹೇಳಾಕ ಬರಲಿಲ್ಲ."

"ಹಿಡಕೊಂಡು ಕುಂದರಿಸಬೇಕಿತ್ತಲ್ಲ ಖಾಲಾ! ಪೇಪರ್ ನಿಮ್ಮ ತಲಿ ಮ್ಯಾಲೇ ಇತ್ತಲ್ಲ!"

ಆ ಹೆಂಗಸು ಹಳೆಯ ಹಾಳೆಯತ್ತ ನೋಡಿದಳು, ಹೊಸದರತ್ತ ನೋಡಿದಳು.

"ನೋಡ್ದೆ ಬೇಟಿ. ಬಟ್ಟಿ ನೋಡಿ ನಂಗೂ ಡೌಟ್ ಬಂತು. ಪಕ್ಕಕ್ಕ ನಿಂದ್ರಿಸಿ, ಪೇಪರ್ ನೋಡಿ, ಮಾರಿ ನೋಡಿ, ಎರಡೆರಡು ಸಲ ನೋಡ್ದೆ. ಇದ್ರಾಗಿನಾಕಿ ಗೋರಿ, ಬೆಳ್ಳಗ ಅದಾಳ. ಹಣಿಮ್ಯಾಗ ಏನೂ ಇಲ್ಲ. ಅಕಿಗಿ ಇಷ್ಟು ದೊಡ್ಡ ಹಚ್ಚಿ. ಆಟೋದಾವ್ರೂ ಬಂದು ನೋಡಿದ್ರು. ಇಕಿ ಅಲ್ಲ ಖಾಲಾ, ನೀಲಿ ಅಂಗಿ ಹಾಕ್ಕೊಂಡವ್ರು ಮಸ್ತ್ ಮಂದಿ ಇರ್ತಾರ ಅಂದ್ರು. ಬಿಟ್ಟೆ. ನಾನೇ ಬಿಟ್ಟೆ."

ಸೋಸುವ ಬಟ್ಟೆಯನ್ನು ಹಿಂಡುತ್ತಾ ನಿಂತಳು. ಚಹಾದ ಕಂದು ನೀರು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳು ಕೆಟ್ಟವಳಲ್ಲ, ಬೇಜವಾಬ್ದಾರಿಯವಳಲ್ಲ. ಹಾಳೆಯಲ್ಲಿ ಹೇಳಿದ ಹಾಗೆ ಗುರುತು ನೋಡಿದ್ದಳು, ಅಷ್ಟೇ. ಆ ಹಾಳೆ ನೋಡದೇ ಇದ್ದಿದ್ದರೆ ಒಬ್ಬ ಮುದುಕಿ ದಾರಿ ತಪ್ಪಿದ್ದಾಳೆ ಅಂತ ಯಾರನ್ನಾದರೂ ಕರೆಯುತ್ತಿದ್ದಳೋ ಏನೋ.

ಯಾವ ಕಡೆ ಹೋದಳು ಅಂತ ಕೇಳಿದೆವು. ಹೆದ್ದಾರಿಯ ಕಡೆ ಕೈ ಮಾಡಿದಳು.

ಆ ದಾರಿ ಹಿಡಿದು ಅಂಗಡಿ ಅಂಗಡಿ ಕೇಳುತ್ತಾ ನಡೆದೆವು. ಹೊಸ ಹಾಳೆ ತೋರಿಸಿದರೆ ಈಗ ಎಲ್ಲರಿಗೂ ಗುರುತು ಸಿಗುತ್ತಿತ್ತು. ಪಂಕ್ಚರ್ ಅಂಗಡಿಯವನು ನೀರು ಕೊಟ್ಟಿದ್ದ. ದಾಲ್ ಮಿಲ್ಲಿನ ಗೇಟಿನವನು ಒಳಗೆ ಬಿಡದೆ ಆಚೆ ಕಳಿಸಿದ್ದ. ಅವನೂ ಹಳೆಯ ಹಾಳೆ ನೋಡಿದ್ದವನೇ. ಒಬ್ಬೊಬ್ಬರು ಅವಳನ್ನು ಒಂದಿಷ್ಟು ದೂರ ಮುಂದಕ್ಕೆ ಕಳಿಸುತ್ತಾ ಹೋದ ಹಾಗೆ ನಮ್ಮ ಮುಂದೆ ದಾರಿ ಬೆಳೆಯುತ್ತಿತ್ತು. ತಂಗಿಯ ಮುಖದಲ್ಲಿ ಆಸೆ ಬಂದಿತ್ತು. "ಸಿಗ್ತಾಳ್ರಿ, ಇವತ್ತು ಸಿಗ್ತಾಳ," ಅನ್ನುತ್ತಾ ನನಗಿಂತ ಮುಂದೆ ನಡೆಯುತ್ತಿದ್ದಳು.

ಬೈಪಾಸಿನ ಹತ್ತಿರ ನಿಂತಿದ್ದ ಒಬ್ಬ ಪೊಲೀಸಿನವರಿಗೆ ಹಾಳೆ ಕೊಟ್ಟೆವು. ಅವರು ನೋಡಿದರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಅಷ್ಟಕ್ಕೇ ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾಗಲಿಲ್ಲ.

"ತಾಯೀ, ಇವರು ನಿಮಗೇನಾಗಬೇಕು?"

"ನಮ್ಮವ್ವ ರಿ. ನೋಡೀರೇನ್ರಿ?"

ಹಿಂದಿನ ಸಂಜೆ ಕತ್ತಲಾಗುವ ಮುಂಚೆ ಯಾವುದೋ ಗಾಡಿ ಹೊಡೆದು ಹೋಗಿತ್ತು. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಇರಲಿಲ್ಲ. ಹೆಸರು ಗೊತ್ತಿಲ್ಲದ ಹೆಣ ಅಂತ ಇಟ್ಟಿದ್ದರು.

"ನಿಮ್ಮ ಮೊದಲಿನ ಪೇಪರೂ ನನ್ನ ಫೋನಿನಾಗ ಬಂದಿತ್ತವ್ವಾ," ಅಂದರು ಅವರು, ನನ್ನ ಕಡೆ ತಿರುಗಿ, ದನಿ ತಗ್ಗಿಸಿ. "ಬಾಜೂಕ ಇಟ್ಟು ನೋಡಿದ್ವಿ. ಬಟ್ಟಿ ಕೂಡ್ತದ, ಮಾರಿ ಕೂಡವಲ್ದು. ಇದು ಬ್ಯಾರೆ ಕೇಸು ಅಂದ್ಕೊಂಡ್ವಿ."

ನಾನು ನಿನ್ನೆಯ ಸಂಜೆಯನ್ನು ನೆನೆದೆ. ಆ ಹೊತ್ತಿನಲ್ಲಿ ನಾವು ಅಂಗಡಿಯಲ್ಲಿ ಮುಖ ಕೂರಿಸುತ್ತಿದ್ದೆವು. ಗೆರೆ ಇರಲಿ ಅಂದಿದ್ದಳು.

ದವಾಖಾನೆಯಲ್ಲಿ ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಖದ ಒಂದು ಬದಿ ನೋಡುವ ಹಾಗಿರಲಿಲ್ಲ. ಹಣೆ ಉಳಿದಿತ್ತು. ತಂಗಿ ಹಚ್ಚೆಯ ಮೇಲೆ ಹೆಬ್ಬೆರಳಿಟ್ಟು, ಮೇಲಿನಿಂದ ಕೆಳಗೆ, ಕುಂಕುಮ ಇಡುವ ಹಾಗೆ ಒಮ್ಮೆ ಎಳೆದಳು. ಅಳಲಿಲ್ಲ. ಅಣ್ಣ ಬಂದದ್ದು ಆಮೇಲೆ. ಬಾಗಿಲಲ್ಲೇ ನಿಂತು ಅಂಗಿಯ ಕಡೆ ನೋಡಿದ. ಗುಂಡಿ ಬಿಳಿಯವೇ ಇದ್ದವು.

"ಒಳಗ ಬಾ," ಅಂದಳು ತಂಗಿ.

"ಬ್ಯಾಡ."

"ಬಾ ಅಣ್ಣಾ. ಈಗರೆ ಮಾರಿ ನೋಡು."

ಅದು ಚುಚ್ಚುಮಾತು ಅಂತಲೇ ನನಗೆ ಮೊದಲು ಅನಿಸಿತು. ಆದರೆ ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಅವನು ಬಂದು ಆ ಕೈ ಹಿಡಿದುಕೊಂಡ.

ಕೊಹಿನೂರಿನಲ್ಲಿ ಮಣ್ಣಾಯಿತು. ನಾನೂ ಹೋಗಿದ್ದೆ. ಯಜಮಾನರು ಬಂದು ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರು, ಕ್ಯಾಮೆರಾ ತಂದಿರಲಿಲ್ಲ. ಅದಾದ ಮೇಲೆ ಅಣ್ಣ ಕೆಲಸಕ್ಕೆ ಹೋಗುವಾಗ ಬರುವಾಗ ಹುಮನಾಬಾದಿನ ಗೋಡೆಗಳಿಂದ ಹಳೆಯ ಹಾಳೆ ಕೀಳುತ್ತಿದ್ದಾನೆ ಅಂತ ಕೇಳಿದೆ. ಅಂಟನ್ನು ಗಟ್ಟಿಯಾಗಿ ಕಲೆಸಿದವನೂ ಅವನೇ. ಉಗುರಿನಿಂದ ಕೆರೆದರೆ ಅಂಚು ಬರುತ್ತಿತ್ತು, ನಡುವಿನ ಮುಖ ಬರುತ್ತಿರಲಿಲ್ಲ.

ಗೋಡೆಯದನ್ನಾದರೂ ಕೆರೆಯಬಹುದು. ಫೋನಿನಲ್ಲಿ ಬಿಟ್ಟದ್ದು ತಿರುಗುತ್ತಲೇ ಇತ್ತು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಂದು ಗುಂಪಿಗೆ. ಸಿಕ್ಕಿದ್ದಾರೆ, ತೀರಿಹೋಗಿದ್ದಾರೆ, ಇನ್ನು ಕಳಿಸಬೇಡಿ ಅಂತ ಅವನು ಹಾಕಿದ ಮಾತು ಹಿಂದೆ ಬಿತ್ತು, ಫೋಟೋ ಮುಂದೆ ಓಡಿತು. ಜಹೀರಾಬಾದಿನಿಂದ, ಲಾತೂರಿನಿಂದ ಅವನಿಗೆ ಫೋನು ಬರುತ್ತಿದ್ದವು. ನಿಮ್ಮ ತಾಯಿ ಇಲ್ಲಿದ್ದಾರೆ ಅಂತ. ಯಂತ್ರ ಲಕ್ಷ ಮುಖ ಕಲೆಸಿ ಬರೆದ ಮುಖ ಅದು, ಯಾರ್ಯಾರನ್ನೋ ಹೋಲುತ್ತಿತ್ತು.

ಗೋಡೆಗೆ ತೂಗುಹಾಕಲು ಫೋಟೋ ಬೇಕೆಂದು ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಬಂದಿದ್ದರು. ಮದುವೆಯ ಫೋಟೋ, ರೇಷ್ಮೆ ಸೀರೆ, ತಲೆಯ ಹೂವು ಎಲ್ಲ ಇದ್ದ ಹಾಗೇ. ನಾನು ಮುಖವನ್ನು ಮುಟ್ಟದೆ ಅಳತೆ ಮಾತ್ರ ಕತ್ತರಿಸುತ್ತಿದ್ದೆ. ಅವನ ಫೋನು ರಿಂಗಾಯಿತು. ಆ ಕಡೆಯ ಗಂಡಸಿನ ದನಿ ಎಷ್ಟು ಜೋರಾಗಿತ್ತೆಂದರೆ ನಮಗೂ ಕೇಳುತ್ತಿತ್ತು. ಬೆಳ್ಳಗಿನ ಒಬ್ಬ ಮುದುಕಿ, ಗುಡಿಯ ಕಟ್ಟೆಯ ಮೇಲೆ ಕೂತಿದ್ದಾಳೆ, ಹೆಸರು ಹೇಳಲು ಬರುತ್ತಿಲ್ಲ, ಫೋಟೋದಲ್ಲಿ ಇದ್ದ ಹಾಗೇ ಇದ್ದಾಳೆ, ಬೇಗ ಬರ್ರಿ ಅಂತ.

ತಂಗಿ ಕೈ ಮಾಡಿ ಕಟ್ ಮಾಡು ಅಂದಳು. ಅವನು ಕಟ್ ಮಾಡಲಿಲ್ಲ.

"ಹಣಿಮ್ಯಾಗ ಹಚ್ಚಿ ಅದ ಏನ್ರಿ?" ಅಂತ ಕೇಳಿದ.

ಇಲ್ಲ ಅಂದರು.

ಅವನು ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡ.

"ನಮ್ಮವ್ವ ಅಲ್ರಿ ಅವರು," ಅಂದ. "ಆದ್ರೂ ಬಿಡಬ್ಯಾಡ್ರಿ ಅಣ್ಣಾರ. ಕೈ ಹಿಡಕೊಂಡು ಕುಂದರಿಸ್ರಿ. ತಿನ್ನಾಕ ಏನರೆ ಕೊಡ್ರಿ. ಪೇಪರ್ ನೋಡಬ್ಯಾಡ್ರಿ, ಅವರ್ನೇ ಕೇಳ್ರಿ, ಪೊಲೀಸರ್ನ ಕರೀರಿ. ಯಾರದೋ ಅವ್ವ ಇದ್ದೇ ಇರ್ತಾರ."